ಡ್ರಿಲ್ ಕೊಳ್ಳುವ ಮುನ್ನ ಗೋಡೆ ನೋಡಿ

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಯಾವ ಟೂಲ್ಸ್ ಅಂಗಡಿಗೆ ಹೋಗಿ ಮನೆಗೊಂದು ಡ್ರಿಲ್ ಬೇಕು ಎಂದರೂ ಮೊದಲು ಬರುವ ಪ್ರಶ್ನೆ, "ಎಷ್ಟು ವ್ಯಾಟ್ ಬೇಕು ಸಾರ್?" ಎಂಬುದು. ನಮಗೂ ಅದು ಸರಿಯಾದ ಪ್ರಶ್ನೆಯೇ ಅನ್ನಿಸುತ್ತದೆ. ಬಲ್ಬು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ವ್ಯಾಟ್ ಲೆಕ್ಕದಲ್ಲೇ ಕೊಂಡು ರೂಢಿ. ಆದರೆ ಹಳೆಯ ಕೈಗಳನ್ನು ಕೇಳಿ ನೋಡಿ, ಅವರು ವ್ಯಾಟ್ ಮಾತು ಎತ್ತುವುದಿಲ್ಲ. "ಗೋಡೆ ಯಾವುದು?" ಎಂದು ಕೇಳುತ್ತಾರೆ. ಯಾವ ಮಷೀನು, ಯಾವ ಬಿಟ್, ಎಷ್ಟು ಉದ್ದದ ಸ್ಕ್ರೂ ಎಂಬುದೆಲ್ಲ ಆ ಒಂದು ಉತ್ತರದಿಂದಲೇ ಹೊರಡುತ್ತದೆ.

ಕರ್ನಾಟಕದಲ್ಲಿ ಗೋಡೆಗಳು ಒಂದೇ ಜಾತಿಯವಲ್ಲ. ಹಳೇ ಬಡಾವಣೆಗಳ ಮನೆಗಳಲ್ಲಿ ಸುಟ್ಟ ಇಟ್ಟಿಗೆ. ಕಳೆದ ಕೆಲವು ದಶಕಗಳ ಮನೆಗಳಲ್ಲಿ 6 ಇಂಚಿನ, ಒಳಗೋಡೆಗಾದರೆ 4 ಇಂಚಿನ ಸಿಮೆಂಟ್ ಬ್ಲಾಕು. ಕರಾವಳಿಯಲ್ಲಿ ಕೆಂಪುಕಲ್ಲು. ಅಪಾರ್ಟ್‌ಮೆಂಟುಗಳಲ್ಲಿ ಕೆಲವೆಡೆ ಹಗುರವಾದ ಬಿಳಿ ಬ್ಲಾಕು, ಕೆಲವೆಡೆ ಒಳಗೆ ಟೊಳ್ಳಿರುವ ಬ್ಲಾಕು. ಈಚಿನ ಎತ್ತರದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಕಟ್ಟುವವರು ಇದನ್ನು ಮೈವಾನ್ ಅನ್ನುತ್ತಾರೆ. ಆ ಮನೆಗಳಲ್ಲಿ ಫೋಟೋ ನೇತುಹಾಕಲು ಮೊಳೆ ಹೊಡೆದರೆ ಗೋಡೆಗೆ ಏನೂ ಆಗದು, ಮೊಳೆಯೇ ಬಗ್ಗುತ್ತದೆ.

ಗಿಲಾವು, ಪುಟ್ಟಿ, ಬಣ್ಣ ಬಳಿದ ಮೇಲೆ ಎಲ್ಲ ಗೋಡೆಗಳೂ ಒಂದೇ ಥರ ಕಾಣುತ್ತವೆ. ಒಳಗೇನಿದೆ ಎಂದು ಹೇಳುವುದು ತೂತಿನಿಂದ ಉದುರುವ ಪುಡಿ. ಕಪಾಟಿನ ಹಿಂದೆಯೋ ಬಾಗಿಲ ಮರೆಯಲ್ಲೋ ಕಾಣದ ಜಾಗದಲ್ಲಿ ಒಂದು ಸಣ್ಣ ತೂತು ಹಾಕಿ ನೋಡಿ. ಮೊದಲ 12ರಿಂದ 15 ಮಿ.ಮೀ. ಬೂದು ಪುಡಿ ಬರುವುದು ಗಿಲಾವಿನದು, ಅದು ಹೆಚ್ಚಿನ ಕಡೆ ಇದ್ದದ್ದೇ. ಅದಾದ ಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ ಅಥವಾ ಕೆಂಪುಕಲ್ಲು. ಬೂದು ಪುಡಿಯೇ ಬರುತ್ತಾ ಬಿಟ್ ಒಂದೇ ಸಮನೆ ಒಳಗಿಳಿದರೆ ಸಿಮೆಂಟ್ ಬ್ಲಾಕು. ಬಿಳಿ ಪುಡಿ ಬಂದು ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಹಗುರ ಬ್ಲಾಕು. ಸ್ವಲ್ಪ ದೂರ ಹೋಗಿ ಬಿಟ್ ದಿಢೀರನೆ ಮುಂದಕ್ಕೆ ಮುಗ್ಗರಿಸಿದರೆ ಒಳಗೆ ಟೊಳ್ಳಿದೆ. ಗಿಲಾವು ದಾಟಿದ್ದೇ ತಡ ಬಿಟ್ ನಿಂತಲ್ಲೇ ಸುತ್ತುತ್ತಾ ನಯವಾದ ಬೂದು ಹಿಟ್ಟನ್ನಷ್ಟೇ ಉದುರಿಸಿದರೆ ಅದು ಕಾಂಕ್ರೀಟು.

ಇಲ್ಲಿ ದಾರಿ ಎರಡಾಗುತ್ತದೆ, ಏಕೆಂದರೆ ಗೋಡೆ ಕೊರೆಯುವ ಮಷೀನುಗಳಲ್ಲಿ ಹೊಡೆತದ ವಿಧಾನ ಎರಡು ಬಗೆ. ಅಂಗಡಿಯಲ್ಲಿ ಎರಡನ್ನೂ ಹ್ಯಾಮರ್ ಅಂತಲೇ ಕರೆಯುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲನೆಯದು ಇಂಪ್ಯಾಕ್ಟ್ ಡ್ರಿಲ್. ಇದರೊಳಗೆ ಹಲ್ಲಿರುವ ಎರಡು ಬಿಲ್ಲೆಗಳು ಎದುರುಬದುರಾಗಿರುತ್ತವೆ. ಒಂದರ ಮೇಲೊಂದು ಜಾರಿಕೊಂಡು ತಿರುಗುವಾಗ ಚಕ್ ಪ್ರತಿ ಹಲ್ಲಿಗೂ ಒಮ್ಮೆ ಚೂರು ಮುಂದಕ್ಕೆ ಹಿಂದಕ್ಕೆ ಕುಪ್ಪಳಿಸುತ್ತದೆ. ನಿಮಿಷಕ್ಕೆ 2,800 ಸುತ್ತು ತಿರುಗುವ ಮಷೀನಿನ ಬಿಲ್ಲೆಯಲ್ಲಿ 16 ಹಲ್ಲುಗಳಿದ್ದರೆ ನಿಮಿಷಕ್ಕೆ ಸುಮಾರು 45,000 ಪೆಟ್ಟು. ಕೇಳಲು ಭಾರಿ ಸಂಖ್ಯೆ, ಆದರೆ ಒಂದೊಂದು ಪೆಟ್ಟೂ ಅತಿ ಹಗುರ. ಅದರ ಬಲ ಹುಟ್ಟುವುದು ನೀವು ಹಿಂದಿನಿಂದ ಒತ್ತುವುದರಿಂದ. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳಿಗೆ ಅಷ್ಟು ಸಾಕು. ಗಟ್ಟಿ ಕಾಂಕ್ರೀಟಿನ ಮುಂದೆ ಸಾಲದು.

ಎರಡನೆಯದು ರೋಟರಿ ಹ್ಯಾಮರ್. ಇದರೊಳಗೆ ಮೋಟಾರು ಒಂದು ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತದೆ. ಪಿಸ್ಟನ್ನಿನ ಮುಂದೆ ಸಿಕ್ಕಿಬಿದ್ದ ಗಾಳಿ ಒಂದು ಉಕ್ಕಿನ ತುಂಡನ್ನು ಚಿಮ್ಮಿಸುತ್ತದೆ, ಆ ತುಂಡು ಬಂದು ಬಿಟ್ಟಿನ ಬುಡಕ್ಕೆ ಗುದ್ದುತ್ತದೆ. ಪೆಟ್ಟುಗಳ ಸಂಖ್ಯೆ ನಿಮಿಷಕ್ಕೆ ನಾಲ್ಕೈದು ಸಾವಿರ ಅಷ್ಟೇ. ಆದರೆ ಒಂದೊಂದೂ ಸುತ್ತಿಗೆಯ ಏಟು. ಇದನ್ನು ಒತ್ತಬೇಕಾಗಿಯೇ ಇಲ್ಲ, ನೆಟ್ಟಗೆ ಹಿಡಿದುಕೊಂಡರೆ ಸಾಕು. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಎದೆಯ ಭಾರವೆಲ್ಲ ಹಾಕಿ ಬೆವರು ಸುರಿಸಿದರೂ ಆಗದ ತೂತು ಇದರಲ್ಲಿ ಕ್ಷಣದಲ್ಲಿ ಮುಗಿಯುತ್ತದೆ.

ಹಾಗಾದರೆ ಎಲ್ಲರೂ ರೋಟರಿ ಹ್ಯಾಮರನ್ನೇ ಕೊಂಡರಾಯಿತಲ್ಲ ಎನ್ನಬಹುದು. ಅದು ಬೆಲೆಯಲ್ಲೂ ತೂಕದಲ್ಲೂ ಹೆಚ್ಚು. ಅದಕ್ಕಿಂತ ದೊಡ್ಡ ತೊಡಕು, ಅದು ಸಾಮಾನ್ಯ ಬಿಟ್ಟುಗಳನ್ನು ಹಿಡಿಯುವುದಿಲ್ಲ. ಬುಡದಲ್ಲಿ ಗಾಡಿ ಕೊರೆದಿರುವ, ಎಸ್‌ಡಿಎಸ್ ಪ್ಲಸ್ ಎಂಬ ಬಗೆಯ ಬಿಟ್ಟುಗಳೇ ಅದಕ್ಕೆ ಬೇಕು. ಮರ, ಕಬ್ಬಿಣ ಕೊರೆಯಬೇಕಾದರೆ ಬೇರೆ ಚಕ್ ಜೋಡಿಸಿ, ಗುದ್ದುವ ಕೆಲಸ ನಿಲ್ಲಿಸಿಕೊಳ್ಳಬೇಕು. ಹಗುರ ಬ್ಲಾಕು, ಟೊಳ್ಳು ಬ್ಲಾಕುಗಳ ಮೇಲಂತೂ ಅದರ ಗುದ್ದು ಅತಿಯಾಗಿ ತೂತಿನ ಹಿಂಬದಿಯೇ ಒಡೆದುಹೋಗುತ್ತದೆ. ಆದ್ದರಿಂದ ಇಟ್ಟಿಗೆ, ಬ್ಲಾಕಿನ ಮನೆಯವರಿಗೆ ಇಂಪ್ಯಾಕ್ಟ್ ಡ್ರಿಲ್, ಗೋಡೆಯೆಲ್ಲ ಕಾಂಕ್ರೀಟಾಗಿರುವ ಫ್ಲಾಟಿನವರಿಗೆ 2 ಕಿಲೋ ವರ್ಗದ ಸಣ್ಣ ರೋಟರಿ ಹ್ಯಾಮರ್ ಎಂಬುದು ನನ್ನ ಅಭಿಪ್ರಾಯ. ಎರಡನೆಯವರು ಕಡಿಮೆ ಬೆಲೆಗೆಂದು ಇಂಪ್ಯಾಕ್ಟ್ ಡ್ರಿಲ್ ತಂದರೆ ಕೊನೆಗೆ ಎರಡನ್ನೂ ಕೊಳ್ಳಬೇಕಾಗುತ್ತದೆ.

ಈಗ ವ್ಯಾಟ್ ಮಾತಿಗೆ ಬರೋಣ. ಡಬ್ಬದ ಮೇಲಿನ ವ್ಯಾಟ್ ಎಂದರೆ ಮಷೀನು ಎಳೆದುಕೊಳ್ಳುವ ವಿದ್ಯುತ್ತು, ಬಿಟ್ಟಿನ ತುದಿಗೆ ತಲುಪುವ ಶಕ್ತಿ ಅಲ್ಲ. ಮನೆಯ ಇಂಪ್ಯಾಕ್ಟ್ ಡ್ರಿಲ್ಲಿಗೆ 500ರಿಂದ 650 ವ್ಯಾಟ್ ಧಾರಾಳ. 600 ವ್ಯಾಟಿನ ಮಷೀನು 230 ವೋಲ್ಟಿನಲ್ಲಿ ಎಳೆಯುವುದು ಎರಡೂವರೆ ಆಂಪಿಯರ್ ಚಿಲ್ಲರೆ. ಗೋಡೆಯ ಸಾಮಾನ್ಯ 6 ಆಂಪಿಯರ್ ಪಿನ್ನೇ ಸಾಕು. ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಗುಂಡಿ ಒತ್ತಿದಷ್ಟೂ ವೇಗ ಏರುವ ಸೌಕರ್ಯ ಇದೆಯೇ, ಹಿಮ್ಮುಖವಾಗಿ ತಿರುಗುತ್ತದೆಯೇ ಎಂಬುದಕ್ಕೆ. ವೇಗ ಇಳಿಸಲಾಗದ ಮಷೀನಿನ ಬಿಟ್, ನುಣುಪಾದ ಟೈಲ್ಸ್ ಮೇಲೆ ಶುರುವಿನಲ್ಲೇ ಜಾರಿ ಗೀರು ಎಳೆಯುತ್ತದೆ. ಹಿಮ್ಮುಖ ಇಲ್ಲದಿದ್ದರೆ ಗೋಡೆಯಲ್ಲಿ ಸಿಕ್ಕಿಕೊಂಡ ಬಿಟ್ ಬಿಡಿಸುವುದು ಒಂದು ದೊಡ್ಡ ಪಾಡು.

ಚಕ್ 10 ಮಿ.ಮೀ.ದೋ 13 ಮಿ.ಮೀ.ದೋ ಎಂಬುದು ಇನ್ನೊಂದು ಪ್ರಶ್ನೆ. ಆ ಸಂಖ್ಯೆ ಹೇಳುವುದು ಚಕ್ಕಿನ ಮೂರು ದವಡೆಗಳು ಎಷ್ಟು ದಪ್ಪದ ಬಿಟ್ಟಿನ ಬುಡವನ್ನು ಹಿಡಿಯಬಲ್ಲವು ಎಂಬುದನ್ನಷ್ಟೇ. ಕಾಂಕ್ರೀಟಿನಲ್ಲಿ ಅಷ್ಟು ದೊಡ್ಡ ತೂತು ಸಲೀಸಾಗಿ ಕೊರೆಯುತ್ತದೆ ಎಂದಲ್ಲ. ಮನೆಯ ಕೆಲಸದಲ್ಲಿ ಹೆಚ್ಚಿನ ತೂತುಗಳು 6 ಮತ್ತು 8 ಮಿ.ಮೀ. ಆಗಿರುವುದರಿಂದ 10 ಮಿ.ಮೀ. ಚಕ್ಕೂ ನಡೆಯುತ್ತದೆ. ಆದರೂ 13 ತೆಗೆದುಕೊಳ್ಳಿ ಎನ್ನುತ್ತೇನೆ. ಎ.ಸಿ. ಪೈಪಿಗೋ ಕೇಬಲ್ಲಿಗೋ 12 ಮಿ.ಮೀ. ತೂತು ಬೇಕಾಗಿ ಬರುವ ದಿನ ಒಂದು ಬಂದೇ ಬರುತ್ತದೆ. ಕೀಲಿ ಹಾಕಿ ಬಿಗಿಯುವ ಚಕ್ ಗೋಡೆ ಕೆಲಸಕ್ಕೆ ಹೆಚ್ಚು ನಂಬಿಕಸ್ತ. ಬಿಗಿಯುವಾಗ ಒಂದೇ ತೂತಿನಲ್ಲಿ ಕೀಲಿ ತಿರುಗಿಸಿ ಸುಮ್ಮನಾಗದೆ ಮೂರೂ ತೂತುಗಳಲ್ಲಿ ಒಂದೊಂದು ಸಲ ಬಿಗಿಯಬೇಕು. ಇಲ್ಲದಿದ್ದರೆ ಬಿಟ್ ಒಳಗೇ ಜಾರಿ ಸವೆಯುತ್ತದೆ. ಬ್ಯಾಟರಿ ಮಷೀನು ಕಂಡು ಆಸೆಪಡುವವರು ಬಹಳ. ಪೀಠೋಪಕರಣ ಜೋಡಿಸಲು, ಕದದ ಸ್ಕ್ರೂ ಬಿಗಿಯಲು ಅದರಷ್ಟು ಸುಖ ಬೇರೆಯಿಲ್ಲ, ನಿಜ. ಆದರೆ ವರ್ಷಕ್ಕೆ ನಾಲ್ಕು ಸಲ ಗೋಡೆ ಕೊರೆಯುವವರಿಗೆ ತಂತಿಯ ಮಷೀನೇ ಸರಿ. ಬಳಸದೆ ಇಟ್ಟ ಬ್ಯಾಟರಿಗೂ ವಯಸ್ಸಾಗುತ್ತದೆ.

ಗೋಡೆ ನೋಡಿ ಮಷೀನು ಆರಿಸಿಕೊಂಡವರಿಗೂ ಒಂದು ಜಾಗದಲ್ಲಿ ಕಾಂಕ್ರೀಟು ಎದುರಾಗುತ್ತದೆ: ಕಿಟಕಿಯ ಮೇಲೆ. ಪರದೆ ಸರಳು ಹಾಕಲೆಂದೇ ಬಹುಪಾಲು ಜನ ಮೊದಲ ಸಲ ಡ್ರಿಲ್ ಕೊಳ್ಳುವುದು. ಎಡವುವುದೂ ಅಲ್ಲಿಯೇ.

ಕೆಂಗೇರಿ ಕಡೆ ಬ್ಲಾಕಿನ ಮನೆಯಲ್ಲಿರುವ ನನ್ನ ತಂಗಿ ಹೊಸ ಇಂಪ್ಯಾಕ್ಟ್ ಡ್ರಿಲ್ ತಂದಿದ್ದಳು. ಪಡಸಾಲೆಯಲ್ಲಿ ಎರಡು ಫೋಟೋಗೆ ತೂತು ಹಾಕಿಯೂ ಆಗಿತ್ತು. ಆಮೇಲೆ ಕಿಟಕಿಯ ಹತ್ತಿರ ಹೋದವಳು ಫೋನ್ ಮಾಡಿದಳು. "ಅಣ್ಣಾ, ಮಷೀನ್ ಕೆಟ್ಟೋಗಿದೆ ಅನ್ಸುತ್ತೆ. ಅರ್ಧ ಇಂಚು ಹೋಗಿ ಅಲ್ಲೇ ನಿಂತಿದೆ." ಮಷೀನಿಗೆ ಏನೂ ಆಗಿರಲಿಲ್ಲ. ಕಿಟಕಿ ಬಾಗಿಲುಗಳ ಮೇಲೆ ಗೋಡೆಯ ಭಾರ ಹೊರಲು ಲಿಂಟಲ್ ಎಂಬ ಕಾಂಕ್ರೀಟ್ ತೊಲೆ ಇರುತ್ತದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ನೆಲದಿಂದ 7 ಅಡಿ ಎತ್ತರದಲ್ಲಿ ಶುರುವಾಗಿ 6 ಇಂಚು ದಪ್ಪವಿರುತ್ತದೆ. ಪರದೆಯ ಬ್ರಾಕೆಟ್ಟನ್ನು ಕಿಟಕಿಯಿಂದ ಮೂರು ನಾಲ್ಕು ಇಂಚು ಮೇಲೆ ಹಾಕುವುದು ವಾಡಿಕೆ. ಎಂದರೆ ಸರಿಯಾಗಿ ಲಿಂಟಲಿನ ನಡುಮಧ್ಯಕ್ಕೆ.

ಪಕ್ಕಕ್ಕೆ ಸರಿಸಿದರೆ ಆಗದೇ ಎಂದಳು. ಲಿಂಟಲು ಕಿಟಕಿಯ ಎರಡೂ ಬದಿಗೆ ಕನಿಷ್ಠ ಆರೇಳು ಇಂಚು ಚಾಚಿಕೊಂಡಿರುತ್ತದೆ. ಎಷ್ಟೋ ಮನೆಗಳಲ್ಲಿ ಸುತ್ತಲ ಗೋಡೆಯುದ್ದಕ್ಕೂ ಪಟ್ಟಿಯಂತೆ ಹೋಗಿರುತ್ತದೆ. ಹಾಗಾಗಿ ಪಕ್ಕದಲ್ಲಿ ಬಿಡುಗಡೆ ಇಲ್ಲ. ಮೇಲೆ ಹೋದರೆ ಇದೆ: ಕಿಟಕಿಯ ಅಂಚಿನಿಂದ 8 ಇಂಚು ಮೇಲಕ್ಕೆ ಏರಿದರೆ ಮತ್ತೆ ಬ್ಲಾಕು ಸಿಗುತ್ತದೆ, ಅದೇ ಇಂಪ್ಯಾಕ್ಟ್ ಡ್ರಿಲ್ಲು ಸಾಕಾಗುತ್ತದೆ. ಆದರೆ ತಂಗಿ ಪರದೆಗಳನ್ನು ಆಗಲೇ ಹೊಲಿಸಿಬಿಟ್ಟಿದ್ದಳು. ನಾಲ್ಕು ಇಂಚು ಮೇಲೇರಿಸಿದರೆ ಪರದೆಯ ಕೆಳತುದಿ ನೆಲದಿಂದ ಅಷ್ಟೇ ಮೇಲೆದ್ದು ಗಿಡ್ಡ ಲಂಗದ ಹಾಗೆ ಕಾಣುತ್ತದೆ ಎಂದು ಒಪ್ಪಲಿಲ್ಲ. ಉಳಿದದ್ದು ರೋಟರಿ ಹ್ಯಾಮರ್ ಬಾಡಿಗೆಗೆ ತರುವುದು. ಹಾರ್ಡ್‌ವೇರ್ ಅಂಗಡಿಯವರು, ಎಲೆಕ್ಟ್ರಿಷಿಯನ್ನರು ಅರ್ಧ ದಿನಕ್ಕೆ, ಒಂದು ದಿನಕ್ಕೆ ಕೊಡುತ್ತಾರೆ. ಇಡೀ ಮನೆಯ ಕಿಟಕಿಗಳಿಗೆ ಪೆನ್ಸಿಲ್ ಗುರುತು ಮೊದಲೇ ಹಾಕಿಟ್ಟುಕೊಂಡು ಒಂದೇ ಬಾಡಿಗೆಯಲ್ಲಿ ಎಲ್ಲ ತೂತು ಮುಗಿಸುವುದು ಜಾಣತನ.

ಆ ಕೆಲಸ ನಡೆದದ್ದು ಹೀಗೆ. 6 ಮಿ.ಮೀ. ಬಿಟ್ಟಿಗೆ ತುದಿಯಿಂದ 40 ಮಿ.ಮೀ. ಅಳೆದು ಇನ್ಸುಲೇಷನ್ ಟೇಪು ಸುತ್ತಿದೆವು. ಟೇಪು ಗೋಡೆ ಮುಟ್ಟಿದರೆ ಆಳ ಸಾಕು ಎಂದು ಗೊತ್ತಾಗುತ್ತದೆ. ಗುರುತಿನ ಮೇಲೆ ಸುತ್ತಿಗೆ, ಮೊಳೆಯಿಂದ ಒಂದು ಗುಳಿ ಮಾಡಿ ನಿಧಾನ ವೇಗದಲ್ಲಿ ಶುರು ಮಾಡಿದೆವು. ತೂತಿನ ಕೆಳಗೆ ಒಂದು ಹಳೇ ಲಕೋಟೆಯನ್ನು ಬಾಯಿ ತೆರೆದು ಅಂಟಿಸಿದ್ದರಿಂದ ಪುಡಿಯೆಲ್ಲ ಅದರೊಳಗೆ ಬಿತ್ತು. ಮೊದಲ ಮೂರು ತೂತು ಸಲೀಸು. ನಾಲ್ಕನೆಯದರಲ್ಲಿ 25 ಮಿ.ಮೀ. ಆಸುಪಾಸಿನಲ್ಲಿ ಸದ್ದು ಬದಲಾಯಿತು, ಮಷೀನು ಕೈಯಲ್ಲಿ ಪುಟಿಯತೊಡಗಿತು, ಬಿಟ್ ಹೊರತೆಗೆದಾಗ ಪುಡಿಯಲ್ಲಿ ಮಿರಿಮಿರಿ ಮಿನುಗುವ ಚೂರುಗಳಿದ್ದವು. ಅದು ಲಿಂಟಲ್ ಒಳಗಿನ ಕಬ್ಬಿಣದ ಕಂಬಿ. ಅಲ್ಲಿ ಹಟ ಹಿಡಿದರೆ ಬಿಟ್ಟಿನ ತುದಿ ಹಾಳು. ಅದಲ್ಲದೆ ತೊಲೆಯ ಭಾರ ಹೊರುವುದೇ ಆ ಕಂಬಿ. ಬ್ರಾಕೆಟ್ಟನ್ನು ಒಂದು ಇಂಚು ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ಸರಿಸಿ ಬೇರೆ ತೂತು ಹಾಕಿದೆವು, ಹಳೆಯದನ್ನು ಪುಟ್ಟಿಯಿಂದ ಮುಚ್ಚಿದೆವು.

ಗೋಡೆಗೆ ಬಳಸುವ ಮೇಸನ್ರಿ ಬಿಟ್ಟಿನ ತುದಿಯಲ್ಲಿ ಅಡ್ಡಲಾಗಿ ಬೆಸೆದ ಒಂದು ಕಾರ್ಬೈಡ್ ತುಂಡು ಇರುತ್ತದೆ, ಮೈಗಿಂತ ಚೂರು ಅಗಲ. ಕೊರೆಯುವುದು ಅದೇ. ಅದರ ಮೂಲೆಗಳು ಚೂಪಾಗಿರುವವರೆಗೆ ಕೆಲಸ ಸಾಗುತ್ತದೆ, ಉರುಟಾದ ಮೇಲೆ ಎಷ್ಟು ಒತ್ತಿದರೂ ಬಿಸಿಯಾಗಿ ನೀಲಿಗಟ್ಟುತ್ತದೆ ಅಷ್ಟೇ. ಕಬ್ಬಿಣಕ್ಕೆ, ಮರಕ್ಕೆ ಎಚ್‌ಎಸ್‌ಎಸ್ ಬಿಟ್ ಬೇರೆ. ಅದನ್ನು ಒಂದು ಸಲ ಗೋಡೆಗೆ ಹಾಕಿದಿರೋ, ಅದರ ಆಯುಷ್ಯ ಮುಗಿಯಿತು. ಬಚ್ಚಲುಮನೆಯ ಟೈಲ್ಸಿಗೆ ಈಟಿಯ ಮೊನೆಯಂಥ ತುದಿಯ ಬಿಟ್ ಬೇಕು, ಗುದ್ದುವ ಗುಂಡಿ ಆಫ್ ಆಗಿರಬೇಕು. ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿದರೆ ಜಾರುವುದಿಲ್ಲ. ಟೈಲ್ಸ್ ದಾಟಿದ ಮೇಲೆ ಬಿಟ್ ಬದಲಿಸಿ ಗುದ್ದು ಹಾಕಿಕೊಳ್ಳಬಹುದು. ಈಗಿನ ಗಟ್ಟಿ ವಿಟ್ರಿಫೈಡ್ ಟೈಲ್ಸಿಗೆ ಆ ಬಿಟ್ಟೂ ಸಾಲದು. ವಜ್ರದ ಪುಡಿ ಲೇಪಿಸಿದ ಬಳೆಯಂಥ ಬಿಟ್ ಹಾಕಿ, ನೀರು ಚಿಮುಕಿಸುತ್ತಾ ಕೊರೆಯಬೇಕು.

ತೂತು ಎಷ್ಟು ಚೆನ್ನಾಗಿದ್ದರೂ ಸ್ಕ್ರೂ ನಿಲ್ಲಿಸುವುದು ಪ್ಲಗ್. ಹಿಂದೆ ಗೋಡೆಯಲ್ಲಿ ಉಳಿಯಿಂದ ಗುಂಡಿ ತೋಡಿ ಮರದ ಗೂಟ ಬಡಿದು ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. 1958ರಲ್ಲಿ ಜರ್ಮನಿಯ ಆರ್ತುರ್ ಫಿಷರ್ ನೈಲಾನ್ ಪ್ಲಗ್ ಕಂಡುಹಿಡಿದ. ಸ್ಕ್ರೂ ಒಳಹೋದಂತೆ ಅರಳಿ ಗೋಡೆಯನ್ನು ಕಚ್ಚುವ ಬೂದು ಬಣ್ಣದ ಆ ತುಂಡನ್ನು ನಮ್ಮ ಅಂಗಡಿಗಳಲ್ಲಿ ಈಗಲೂ ಫಿಷರ್ ಎಂದೇ ಕೇಳಿ ಪಡೆಯುತ್ತಾರೆ. 6 ಮಿ.ಮೀ. ಪ್ಲಗ್ಗಿಗೆ 6 ಮಿ.ಮೀ. ಬಿಟ್, 8 ನಂಬರಿನ ಒಂದೂವರೆ ಇಂಚು ಸ್ಕ್ರೂ. 8 ಮಿ.ಮೀ. ಪ್ಲಗ್ಗಿಗೆ 8 ಮಿ.ಮೀ. ಬಿಟ್, 10 ನಂಬರಿನ 2 ಇಂಚು ಸ್ಕ್ರೂ. ತೂತು ಪ್ಲಗ್ಗಿಗಿಂತ ಸುಮಾರು 10 ಮಿ.ಮೀ. ಹೆಚ್ಚು ಆಳವಿರಲಿ, ಪುಡಿ ತಂಗಲು ಜಾಗ ಬೇಕು.

ಕಳಚಿ ಬೀಳುವ ಹೆಚ್ಚಿನ ಶೆಲ್ಫುಗಳ ಕತೆ ಗಿಲಾವಿನದು. 6 ಮಿ.ಮೀ. ಪ್ಲಗ್ಗಿನ ಉದ್ದ 30 ಮಿ.ಮೀ. ಅದರಲ್ಲಿ ಅರ್ಧ ಗಿಲಾವಿನಲ್ಲೇ ಕಳೆದುಹೋಗುತ್ತದೆ, ಗಟ್ಟಿ ಬ್ಲಾಕಿಗೆ ಇಳಿಯುವುದು 15 ಮಿ.ಮೀ. ಮಾತ್ರ. 8 ಮಿ.ಮೀ. ಪ್ಲಗ್ಗಾದರೆ 40 ಉದ್ದ, ಬ್ಲಾಕಿನೊಳಗೆ 25 ಇಳಿಯುತ್ತದೆ. ಫೋಟೋಗೆ ಮೊದಲನೆಯದು ಸಾಕು, ಪುಸ್ತಕದ ಶೆಲ್ಫಿಗೆ ಎರಡನೆಯದಕ್ಕಿಂತ ಕಡಿಮೆ ಬೇಡ. ಕೆಂಪುಕಲ್ಲಿನಲ್ಲಿ, ಹಗುರ ಬ್ಲಾಕಿನಲ್ಲಿ ಗುದ್ದು ಹಾಕದೆ ಬರಿದೇ ತಿರುಗಿಸಿ ಕೊರೆದರೆ ತೂತು ಅಗಲವಾಗದೆ ಪ್ಲಗ್ ಬಿಗಿಯಾಗಿ ಕೂರುತ್ತದೆ. ಉದ್ದದ ಪ್ಲಗ್ ಬಳಸಿ. ಗೀಸರ್ ಮಾತ್ರ ಇವುಗಳ ಲೆಕ್ಕಕ್ಕೆ ಬರುವುದಿಲ್ಲ. 25 ಲೀಟರ್ ನೀರೇ 25 ಕಿಲೋ, ಅದರ ಮೇಲೆ ತೊಟ್ಟಿಯ ತೂಕ. ಅದಕ್ಕೆ ಕಬ್ಬಿಣದ ಆ್ಯಂಕರ್ ಬೋಲ್ಟು ಬೇಕು, ಟೊಳ್ಳು ಬ್ಲಾಕಾದರೆ ತಿಳಿದವರನ್ನೇ ಕರೆಯಬೇಕು.

ಡ್ರಿಲ್ಲಿನಿಂದ ಆಗುವ ಅಪಾಯಗಳಲ್ಲಿ ದೊಡ್ಡದು ಗೋಡೆಯೊಳಗಿನ ತಂತಿ. ಸ್ವಿಚ್‌ಬೋರ್ಡಿಗೆ ಬರುವ ಪೈಪು ಬಹುತೇಕ ಮೇಲಿನ ತಾರಸಿಯಿಂದ ನೆಟ್ಟಗೆ ಇಳಿದಿರುತ್ತದೆ. ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ಒಂದು ಅಡಿ ಅಗಲದ ಪಟ್ಟಿಯನ್ನು ನಿಷಿದ್ಧ ಎಂದುಕೊಳ್ಳಿ. ಬಚ್ಚಲಲ್ಲಿ ನಲ್ಲಿ, ಶವರ್, ಗೀಸರುಗಳ ನಡುವಿನ ನೇರದಲ್ಲಿ ನೀರಿನ ಪೈಪು ಹೀಗೆಯೇ. ಅನುಮಾನವಿದ್ದರೆ ಆ ಕೋಣೆಯ ಎಂಸಿಬಿ ಇಳಿಸಿ ಬೇರೆ ಕೋಣೆಯಿಂದ ಮಷೀನಿಗೆ ಕರೆಂಟ್ ತನ್ನಿ. ಮಷೀನಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ನಿರೋಧಕವಿದೆ ಎಂದರ್ಥ; ಎರಡೇ ಪಿನ್ ಇದೆಯೆಂದು ಹೆದರಬೇಕಿಲ್ಲ. ಮನೆಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಮಣಿಕಟ್ಟು. ಬಿಟ್ ಕಂಬಿಗೆ ಕಚ್ಚಿಕೊಂಡ ಕ್ಷಣ ಬಿಟ್ ನಿಲ್ಲುತ್ತದೆ, ತಿರುಗುವುದು ಮಷೀನು. ಪಕ್ಕದ ಹಿಡಿಕೆ ಇರುವುದು ಅದಕ್ಕೇ. ಜನ ಅದನ್ನು ಡಬ್ಬದಲ್ಲೇ ಬಿಟ್ಟು ಒಂದೇ ಕೈಯಲ್ಲಿ, ಸ್ಟೂಲಿನ ಮೇಲೆ ನಿಂತು ಕೊರೆಯುತ್ತಾರೆ. ಗುಂಡಿಯನ್ನು ಒತ್ತಿದಂತೆಯೇ ಹಿಡಿದಿಡುವ ಲಾಕ್ ಇದೆಯಲ್ಲ, ಮನೆಗೆಲಸದಲ್ಲಿ ಅದನ್ನು ಮುಟ್ಟಲೇ ಬೇಡಿ. ಕೈಗವಸು ಹಾಕಬೇಡಿ, ತಿರುಗುವ ಚಕ್ಕಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಸೆರಗು, ದುಪಟ್ಟಾ, ಬಿಟ್ಟ ಕೂದಲು, ಪಂಚೆಯ ತುದಿಗೂ ಇದೇ ಮಾತು. ಕನ್ನಡಕ ಮಾತ್ರ ಕಡ್ಡಾಯ, ಕಾಂಕ್ರೀಟಾದರೆ ಎನ್95 ಮಾಸ್ಕೂ ಬೇಕು. ಆ ನಯವಾದ ಪುಡಿಯಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನು ಉಳಿದ ಸಲಕರಣೆ. ನೂರಿಪ್ಪತ್ತು ಸಾಮಾನಿನ ಪೆಟ್ಟಿಗೆ ಎಂದು ಮಾರುವುದರಲ್ಲಿ ತೊಂಬತ್ತು ಸಣ್ಣ ಮೊಳೆ, ಕೊಕ್ಕೆಗಳೇ ಇರುತ್ತವೆ, ಬಿಟ್ಟುಗಳಂತೂ ಎರಡು ತೂತಿಗೆ ಮೊಂಡು. ಬಿಡಿಬಿಡಿಯಾಗಿ ಕೊಳ್ಳುವುದೇ ಲೇಸು. ಅರ್ಧ ಕಿಲೋ ತೂಕದ ಸುತ್ತಿಗೆ, ಕಟಿಂಗ್ ಪ್ಲೇಯರ್, ಎರಡು ಅಳತೆಯ ಸ್ಟಾರ್ ಮತ್ತು ಎರಡು ಚಪ್ಪಟೆ ಸ್ಕ್ರೂಡ್ರೈವರ್, 8 ಅಥವಾ 10 ಇಂಚಿನ ಅಡ್ಜಸ್ಟಬಲ್ ಸ್ಪ್ಯಾನರ್, 5 ಮೀಟರ್ ಟೇಪು, ಒಂದು ಅಡಿಯ ರಸಮಟ್ಟ, ಟೆಸ್ಟರ್, ಸಣ್ಣ ಹ್ಯಾಕ್ಸಾ, ಆಲನ್ ಕೀ ಸೆಟ್. 6 ಮತ್ತು 8 ಮಿ.ಮೀ. ಮೇಸನ್ರಿ ಬಿಟ್ ಎರಡೆರಡು, ಮರಕ್ಕೆ 3 ಮಿ.ಮೀ.ದೊಂದು. ರಸಮಟ್ಟ ಇಲ್ಲದೆ ಹಾಕಿದ ಶೆಲ್ಫಿನ ಸೊಟ್ಟ ಮನೆಗೆ ಬಂದ ನೆಂಟರ ಕಣ್ಣಿಗೆ ಮೊದಲು ಬೀಳುತ್ತದೆ.

ಅಂಗಡಿಯಲ್ಲಿ ಮಷೀನನ್ನು ಡಬ್ಬದಿಂದ ತೆಗೆಸಿ ಒಂದು ಉದ್ದನೆಯ ಬಿಟ್ ಹಾಕಿಸಿ ನಿಧಾನಕ್ಕೆ ತಿರುಗಿಸಿ ನೋಡಿ. ಬಿಟ್ಟಿನ ತುದಿ ಕಣ್ಣಿಗೆ ಕಾಣುವಷ್ಟು ವಾಲಾಡಿದರೆ ಚಕ್ ಸರಿಯಿಲ್ಲ, ಬೇರೆ ಕೇಳಿ. ಮೋಟಾರಿನ ಹಿಂದಿನ ಕಿಂಡಿಯಲ್ಲಿ ಸಣ್ಣ ಕಿಡಿ ಕಾಣುವುದು ಸಹಜ, ಸುತ್ತಲೂ ಬೆಂಕಿಯ ಬಳೆಯಂತೆ ಕಂಡರೆ ಸಹಜವಲ್ಲ. ಆ ಕಿಡಿಯ ಜಾಗದಲ್ಲಿರುವ ಕಾರ್ಬನ್ ಬ್ರಷ್ ವರ್ಷಗಳ ಬಳಕೆಯಲ್ಲಿ ಸವೆಯುವ ಭಾಗ. ಅದು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂದು ಕೇಳಿಕೊಂಡು, ಒಂದು ಜೊತೆಯನ್ನು ಬಿಲ್ಲಿಗೆ ಸೇರಿಸಿ ತಂದಿಟ್ಟುಕೊಳ್ಳಿ.